ಅವಲಕ್ಕಿ ಬೆಂದದ್ದು ಎಲ್ಲಿ?

ಅವಲಕ್ಕಿ ಆಗಲೇ ಬೆಂದಿರುವ ಅಕ್ಕಿ. ಸರಿಯಾಗಿ ತಯಾರಾದ ಅವಲಕ್ಕಿಯನ್ನು ಒಲೆಯ ಮೇಲಿಡದೆ, ನೀರಿನಲ್ಲೋ ಮೊಸರಿನಲ್ಲೋ ನೆನೆಸಿ ಹಾಗೆಯೇ ತಿನ್ನಬಹುದು. ಅದು ಬೇಯುವುದು ಮನೆಯ ಅಡುಗೆಮನೆಯಲ್ಲಿ ಅಲ್ಲವಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟೆ. ಅಂಗಡಿಗೆ ಬರುವ ಎಷ್ಟೋ ಮೊದಲು, ಕಾಳಿನ ಮೈಮೇಲೆ ಇನ್ನೂ ಹೊಟ್ಟು ಇರುವಾಗಲೇ, ಆ ಕೆಲಸ ಮುಗಿದಿರುತ್ತದೆ.

ಅವಲಕ್ಕಿ ಶುರುವಾಗುವುದು ಅಕ್ಕಿಯಿಂದಲ್ಲ, ಭತ್ತದಿಂದ. ಭತ್ತವನ್ನು ತಣ್ಣೀರಿನಲ್ಲಾದರೆ ಒಂದೆರಡು ದಿನ, ಬಿಸಿನೀರಿನಲ್ಲಾದರೆ ಒಂದು ರಾತ್ರಿ ನೆನೆಹಾಕುತ್ತಾರೆ. ಅಷ್ಟು ಹೊತ್ತಿಗೆ ಕಾಳಿನ ತೂಕದಲ್ಲಿ ಸುಮಾರು ನೂರಕ್ಕೆ ಮೂವತ್ತರಷ್ಟು ನೀರೇ ಇರುತ್ತದೆ. ನೀರು ಬಸಿದು, ಕಾದ ಮರಳಿನಲ್ಲಿ ಹುರಿಯುತ್ತಾರೆ. ಮರಳಿನ ಬಿಸಿ ಕುದಿಯುವ ನೀರಿಗಿಂತ ಬಹಳ ಹೆಚ್ಚು. ಕಾಳಿನೊಳಗಿನ ನೀರು ಹೊಟ್ಟಿನ ಕವಚದಿಂದ ಥಟ್ಟನೆ ಹೊರಬರಲಾರದೆ ಅಲ್ಲೇ ಹಬೆಯಾಗುತ್ತದೆ. ಅಕ್ಕಿಯ ಪಿಷ್ಟ ಬೇಯುವುದಕ್ಕೆ ಬೇಕಾದದ್ದು ನೀರು ಮತ್ತು ತಳಿಯನ್ನು ಅವಲಂಬಿಸಿ ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿ. ಎರಡೂ ಕಾಳಿನೊಳಗೇ ಇರುವುದರಿಂದ ಪ್ರತಿಯೊಂದು ಕಾಳೂ ತನ್ನದೇ ನೀರಿನಲ್ಲಿ, ತನ್ನದೇ ಹೊಟ್ಟಿನೊಳಗೆ ಬೇಯುತ್ತದೆ. ನೋಡುವವರಿಗೆ ಹುರಿದಂತೆ ಕಂಡರೂ ಒಳಗೆ ನಡೆಯುವುದು ಹಬೆಯ ಅಡುಗೆ.

ಹುರಿಯುವವರಿಗೆ ಗಡಿಯಾರ ಬೇಕಿಲ್ಲ. ಒಂದೊಂದು ಕಾಳು ಚಟಪಟ ಸಿಡಿದು ಅರಳಾಗತೊಡಗಿದರೆ ಹದ ಬಂತೆಂದು ಲೆಕ್ಕ. ಇನ್ನೂ ಬಿಟ್ಟರೆ ಭತ್ತವೆಲ್ಲ ಅರಳಾಗಿಬಿಡುತ್ತದೆ, ಮೊದಲೇ ತೆಗೆದರೆ ಕಾಳಿನ ನಡುಭಾಗ ಹಸಿಯಾಗಿ ಉಳಿಯುತ್ತದೆ. ಹದಕ್ಕೆ ಬಂದದ್ದನ್ನು ಜರಡಿ ಹಿಡಿದು ಮರಳು ಬೇರ್ಪಡಿಸಿ, ಆರುವ ಮೊದಲೇ ಕುಟ್ಟಬೇಕು. ಬಿಸಿ ಇರುವ ತನಕ ಬೆಂದ ಪಿಷ್ಟ ಮೆದುವಾಗಿದ್ದು ಏಟಿಗೆ ಅಗಲವಾಗುತ್ತದೆ. ಆರಿದ ಮೇಲೆ ಕುಟ್ಟಿದರೆ ಸಿಗುವುದು ನುಚ್ಚು. ಒರಳು ಒನಕೆಯ ಕಾಲದಲ್ಲಿ ಸ್ವಲ್ಪ ಸ್ವಲ್ಪವೇ ಹುರಿದು, ಒಬ್ಬರು ಹುರಿಯುತ್ತಿದ್ದಂತೆ ಇನ್ನಿಬ್ಬರು ಎದುರುಬದುರು ನಿಂತು ಒನಕೆ ಹಾಕುತ್ತಿದ್ದುದಕ್ಕೆ ಕಾರಣ ಇದೇ. ಮಿಲ್ಲುಗಳಲ್ಲಿ ತಿರುಗುವ ಕಬ್ಬಿಣದ ತಟ್ಟೆಯ ಅಂಚಿಗೂ ಭಾರದ ಉರುಳೆಗೂ ನಡುವೆ ಕಾಳು ಸಿಕ್ಕಿ ಚಪ್ಪಟೆಯಾಗುತ್ತದೆ, ಹೊಟ್ಟೂ ತೌಡೂ ಉದುರಿ ಹೋಗುತ್ತವೆ. ಹೆಚ್ಚು ಹೊತ್ತು ಓಡಿಸಿದರೆ ಪೇಪರ್ ಅವಲಕ್ಕಿ, ಬೇಗ ತೆಗೆದರೆ ಗಟ್ಟಿ ಅವಲಕ್ಕಿ. ಒನಕೆ ಹೋಗಿ ಉರುಳೆ ಬಂದರೂ ನೆನೆಸು, ಹುರಿ, ಬಿಸಿಯಲ್ಲೇ ಚಪ್ಪಟೆ ಮಾಡು ಎಂಬ ಕ್ರಮ ಬದಲಾಗಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕರಾವಳಿಯ ಕುಚ್ಚಲಕ್ಕಿಯೂ ಹೊಟ್ಟಿನೊಳಗೇ ಬೆಂದದ್ದು. ಹಾಗಿದ್ದೂ ಅದನ್ನು ನೆನೆಸಿ ತಿನ್ನಲಾಗುವುದಿಲ್ಲ, ಬೆಳ್ತಿಗೆ ಅಕ್ಕಿಗಿಂತಲೂ ಹೆಚ್ಚು ಹೊತ್ತು ಬೇಯಿಸಬೇಕು. ಅಂದಮೇಲೆ ಬೆಂದಿರುವುದೊಂದೇ ಸಾಲದು. ಬೆಂದ ಪಿಷ್ಟ ತೇವವಿದ್ದು ನಿಧಾನವಾಗಿ ಆರಿದರೆ ಅದರ ಎಳೆಗಳು ಮತ್ತೆ ಒಂದಕ್ಕೊಂದು ಹೆಣೆದುಕೊಂಡು ಬಿಗಿಯಾಗುತ್ತವೆ. ರಾತ್ರಿ ಉಳಿದ ಅನ್ನ ಬೆಳಗ್ಗೆ ಗಡುಸಾಗುವುದೂ ಇದರಿಂದಲೇ. ಕುಚ್ಚಲಕ್ಕಿ ಒಣಗುವಾಗ ಹೀಗೆ ಬಿಗಿಯಲು ಸಮಯ ಸಿಗುತ್ತದೆ, ಜೊತೆಗೆ ಕಾಳು ದಪ್ಪವಾಗಿಯೂ ಒತ್ತಾಗಿಯೂ ಇರುತ್ತದೆ. ಮರಳಿನ ಶಾಖದಲ್ಲಾದರೆ ಬೇಯುವುದೂ ನೀರು ಆರುವುದೂ ಒಟ್ಟಿಗೇ, ಅತಿ ಬೇಗ ನಡೆದುಹೋಗುತ್ತವೆ. ಅದರ ಮೇಲೆ ಒನಕೆಯ ಏಟು ಕಾಳಿನ ಒಳರಚನೆಯನ್ನು ಒಡೆದು ತೆಳುವಾಗಿಸುತ್ತದೆ. ಹಾಗಾಗಿ ತಣ್ಣೀರಿಗೂ ಒಳಗೆ ಹೋಗಲು ಎಲ್ಲ ಕಡೆಯಿಂದ ದಾರಿ ತೆರೆದಿರುತ್ತದೆ. ಚಪ್ಪಟೆ ಮಾಡದೆಯೂ ನೆನೆಸಿ ತಿನ್ನುವ ಅಕ್ಕಿ ಅಸ್ಸಾಮಿನಲ್ಲಿದೆ. ಅಲ್ಲಿನ ಬೋಕಾ ಸಾಲ್‌ಗೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆದರೆ ಅದು ಆ ತಳಿಯ ಪಿಷ್ಟದ ಗುಣ, ಎಲ್ಲ ಅಕ್ಕಿಗೂ ಬರುವಂಥದ್ದಲ್ಲ.

ಬೆಂದ ಅಕ್ಕಿಗೂ ಹಸಿ ಅಕ್ಕಿಗೂ ಇರುವ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ದೋಸೆಗೆಂದು ರಾತ್ರಿಯೆಲ್ಲ ನೆನೆದ ಅಕ್ಕಿಯನ್ನು ಹಿಸುಕಿದರೆ ಸುಣ್ಣದಂತೆ ಬೆಳ್ಳಗೆ ಪುಡಿಯಾಗುತ್ತದೆ. ಅವಲಕ್ಕಿ ಹತ್ತೇ ನಿಮಿಷ ನೆನೆದಿರಲಿ, ಹಿಸುಕಿದರೆ ಅನ್ನದಂತೆ ಮೆತ್ತಗೆ ಅಂಟುತ್ತದೆ. ಹುರಿಯುವಾಗ ಹದ ತಪ್ಪಿದ ಅವಲಕ್ಕಿಯನ್ನೂ ಹೀಗೆಯೇ ಹಿಡಿಯಬಹುದು. ಒಳ್ಳೆಯ ಗಟ್ಟಿ ಅವಲಕ್ಕಿಯನ್ನು ಬೆಳಕಿಗೆ ಹಿಡಿದರೆ ತುಸು ಅರೆಪಾರದರ್ಶಕ. ನಡುವೆ ಬಿಳಿ ಚುಕ್ಕೆ ಉಳಿದು, ನೆನೆದ ಮೇಲೂ ಆ ಭಾಗ ಹಲ್ಲಿಗೆ ಕರಕರ ಎಂದರೆ ಅಲ್ಲಿಯವರೆಗೆ ನೀರೋ ಬಿಸಿಯೋ ತಲುಪಿಲ್ಲ. ಅಂಥದ್ದನ್ನು ಉಪ್ಪಿಟ್ಟಿನಂತೆ ಹಬೆಯಲ್ಲಿ ಬೇಯಿಸಿ ತಿನ್ನುವುದೇ ವಾಸಿ.

ಬರೀ ನೆನೆಸಿ ಮಾಡುವ ಅಡುಗೆಗಳಲ್ಲಿ ಗೊಜ್ಜವಲಕ್ಕಿಯಷ್ಟು ಸ್ಪಷ್ಟ ಉದಾಹರಣೆ ಬೇರೆ ಇಲ್ಲ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ, ತೊಳೆದು ಬಸಿದು, ಹುಣಸೆರಸ, ಬೆಲ್ಲ, ಉಪ್ಪು, ಸಾರಿನಪುಡಿ ಕಲಸಿದ ನೀರಿನಲ್ಲಿ ಅರ್ಧ ಗಂಟೆ ಬಿಡುತ್ತಾರೆ. ತರಿ ಆ ನೀರನ್ನೆಲ್ಲ ಹೀರಿ ಅರಳುತ್ತದೆ. ಆಮೇಲೆ ಬೀಳುವ ಒಗ್ಗರಣೆ ರುಚಿಗೆ, ಬೇಯಿಸುವುದಕ್ಕಲ್ಲ. ನೀರು ತಗ್ಗಿದರೆ ತರಿ ಗಂಟಲಿಗೆ ಒತ್ತುತ್ತದೆ, ಹೆಚ್ಚಾದರೆ ಮುದ್ದೆಯಾಗುತ್ತದೆ. ತೆಳು ಅವಲಕ್ಕಿಗೆ ಇಷ್ಟೂ ಬೇಡ. ಉಡುಪಿ ಕಡೆ ಅದನ್ನು ತೆಂಗಿನತುರಿ, ಬೆಲ್ಲದೊಡನೆ ಕೈಯಲ್ಲಿ ಕಲಸಿದರೆ ತುರಿಯ ಹಸಿಯಲ್ಲೇ ಮೆತ್ತಗಾಗುತ್ತದೆ, ನೀರಿನಲ್ಲಿ ಮುಳುಗಿಸಿದರೆ ಕರಗಿ ಹಿಟ್ಟಾಗುತ್ತದೆ. ಮಧ್ಯಮ ಅವಲಕ್ಕಿಯನ್ನು ಜರಡಿಯಲ್ಲಿ ತೊಳೆದು ಐದು ನಿಮಿಷ ಬಿಟ್ಟರೆ ಸಾಕು. ಗಟ್ಟಿ ಅವಲಕ್ಕಿಗೆ ಎರಡು ಮೂರು ನಿಮಿಷ ನೀರು, ಬಸಿದ ಮೇಲೆ ಹತ್ತು ಹದಿನೈದು ನಿಮಿಷ ಬಿಡುವು ಬೇಕು.

ವಿಜ್ಞಾನ ಬೆಂದದ್ದು ಎಂದರೂ ಮಡಿಯ ಲೆಕ್ಕ ಬೇರೆ. ಅನ್ನ ಮುಸುರೆ, ಅವಲಕ್ಕಿ ಅನೇಕ ಮನೆಗಳಲ್ಲಿ ಮುಸುರೆಯಲ್ಲ. ಒಪ್ಪತ್ತಿನ ರಾತ್ರಿ ಅನ್ನ ಬಿಟ್ಟವರು ಅವಲಕ್ಕಿಯನ್ನು ಫಲಾಹಾರವೆಂದು ತಿನ್ನುತ್ತಾರೆ. ಭಾಗವತದಲ್ಲಿ ಕುಚೇಲ ತಂದ ಅವಲಕ್ಕಿಯನ್ನು ಕೃಷ್ಣ ಗಂಟು ಬಿಚ್ಚಿದ ಕೈಯಲ್ಲೇ ಬಾಯಿಗೆ ಹಾಕಿಕೊಳ್ಳುತ್ತಾನೆ. ಒಲೆಯ ಪ್ರಸ್ತಾಪ ಅಲ್ಲಿಲ್ಲ, ನೆನೆಸುವ ತಾಳ್ಮೆಯೂ ಇಲ್ಲ.

ಬೆಂದಿದೆ ಎಂದಮಾತ್ರಕ್ಕೆ ಶುಚಿಯಾಗಿದೆ ಎಂದಲ್ಲ. ಹುರಿದ ಮೇಲೆ ಅದು ಯಂತ್ರ, ಜರಡಿ, ನೆಲ, ಚೀಲ, ಹಲವು ಕೈಗಳನ್ನು ದಾಟಿ ಬರುತ್ತದೆ. ಮರಳು, ಹೊಟ್ಟಿನ ಚೂರು, ಧೂಳು ಸೇರಿರಬಹುದಾದ್ದರಿಂದ ಗಟ್ಟಿ ಮತ್ತು ಮಧ್ಯಮ ಅವಲಕ್ಕಿಯನ್ನು ತೊಳೆಯಲೇಬೇಕು, ತೆಳುವಾದದ್ದನ್ನು ಜರಡಿ ಹಿಡಿಯಬೇಕು. ತೌಡಿನ ಅಂಶ ಉಳಿದ ಕೆಂಪು ಅವಲಕ್ಕಿಯಲ್ಲಿ ಎಣ್ಣೆ ಇರುವುದರಿಂದ ಹಳತಾದರೆ ಕಮಟು ವಾಸನೆ ಬರುತ್ತದೆ, ನೆನೆಸಿದರೂ ಹೋಗುವುದಿಲ್ಲ. ಮುಂದೆ ಕುದಿಸುವ ಹಂತವೇ ಇಲ್ಲದ್ದರಿಂದ ನೆನೆಸುವ ನೀರು ಕುಡಿಯುವ ನೀರೇ ಆಗಿರಬೇಕು. ಒಣಗಿದ್ದಾಗ ತಿಂಗಳುಗಟ್ಟಲೆ ಇರುವ ಅವಲಕ್ಕಿ ಒದ್ದೆಯಾದ ಕ್ಷಣದಿಂದ ಅನ್ನದಂತೆಯೇ ಹಳಸುತ್ತದೆ. ಬೇಸಗೆಯಲ್ಲಿ ನೆನೆಸಿದ್ದನ್ನು ಒಂದೆರಡು ಗಂಟೆಯೊಳಗೆ ತಿಂದು ಮುಗಿಸಿ, ಇಲ್ಲವೇ ಫ್ರಿಜ್ಜಿನಲ್ಲಿಡಿ.