ಹೆಜ್ಜೆ ತಪ್ಪುವುದು ಎಲ್ಲಿಂದ?

ಒಂದು ಹೆಜ್ಜೆ ಎತ್ತಿಡಲು ಮಿದುಳಿನಿಂದ ಪಾದದವರೆಗಿನ ಇಡೀ ದಾರಿ ದುಡಿಯಬೇಕು. ಮಿದುಳಿನ ಮೇಲ್ಪದರದಲ್ಲಿ ಹುಟ್ಟಿದ ಆಜ್ಞೆ ಬೆನ್ನುಹುರಿಯಲ್ಲಿ ಇಳಿದು, ಅಲ್ಲಿಂದ ಹೊರಡುವ ನರಗಳ ಮೂಲಕ ಸ್ನಾಯುವನ್ನು ಮುಟ್ಟುತ್ತದೆ. ಅದೇ ಹೊತ್ತಿಗೆ, ಪಾದ ಎಲ್ಲಿದೆ, ಕೀಲು ಎಷ್ಟು ಬಾಗಿದೆ ಎಂಬ ಸುದ್ದಿ ಕೆಳಗಿನಿಂದ ಮೇಲಕ್ಕೆ ಹೋಗುತ್ತಿರುತ್ತದೆ. ಈ ದಾರಿಯಲ್ಲಿ ಪೆಟ್ಟು ಯಾವ ಜಾಗಕ್ಕೆ ಬಿತ್ತೋ ಅದಕ್ಕೆ ತಕ್ಕಂತೆ ನಡಿಗೆ ಕೆಡುತ್ತದೆ. ಹಾಗಾಗಿ ಅನುಭವಿ ನರರೋಗ ತಜ್ಞರು ರೋಗಿಯನ್ನು ಮಂಚದ ಮೇಲೆ ಮಲಗಿಸುವ ಮೊದಲೇ ನಾಲ್ಕು ಹೆಜ್ಜೆ ನಡೆಸಿ, ತಿರುಗಿಸಿ ನೋಡುತ್ತಾರೆ.

ಪಾದವನ್ನು ನೆಲದಿಂದ ಮೇಲೆತ್ತದೆ ಸವರಿಕೊಂಡು ಹೋಗುವ ನಡಿಗೆಯನ್ನು ಹೆಚ್ಚಿನವರು ವಯಸ್ಸಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುತ್ತಾರೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಬರೆದ ಪ್ರಬಂಧದಲ್ಲಿ ಇದು ಒಂದು ರೋಗದ ಭಾಗವೆಂದು ಗುರುತಿಸಿದ. ಮಿದುಳಿನ ಬುಡದಲ್ಲಿ ಡೋಪಮಿನ್ ತಯಾರಿಸುವ ಕಪ್ಪು ಬಣ್ಣದ ಜೀವಕೋಶಗಳ ಪುಟ್ಟ ಗುಂಪೊಂದಿದೆ. ಅವು ಸಾಯುತ್ತ ಹೋದಂತೆ ಚಲನೆಯ ಅಳತೆ ಕುಗ್ಗುತ್ತದೆ. ಕಾಲಿನಲ್ಲಿ ಬಲ ಇದ್ದೇ ಇರುತ್ತದೆ, ಹೆಜ್ಜೆ ಮಾತ್ರ ಗಿಡ್ಡವಾಗುತ್ತದೆ. ಮೈ ಮುಂದಕ್ಕೆ ಬಾಗುತ್ತದೆ. ತಿರುಗುವಾಗ ತಲೆ, ಬೆನ್ನು, ಸೊಂಟ ಒಟ್ಟಿಗೇ ತಿರುಗುವುದರಿಂದ ಒಂದೆರಡು ಹೆಜ್ಜೆಯ ಕೆಲಸಕ್ಕೆ ಆರೇಳು ಪುಟ್ಟ ಹೆಜ್ಜೆ ಬೇಕಾಗುತ್ತವೆ. ಎಲ್ಲಕ್ಕಿಂತ ಮೊದಲು ಕಾಣುವ ಗುರುತು ಇರುವುದು ಕೈಯಲ್ಲಿ: ನಡೆಯುವಾಗ ಒಂದು ಬದಿಯ ಕೈ ಬೀಸುವುದೇ ನಿಂತಿರುತ್ತದೆ. ಇಂಥವರನ್ನು ಎಷ್ಟೋ ಮಂದಿ ತಿಂಗಳುಗಟ್ಟಲೆ ಭುಜದ ನೋವಿಗೆಂದು ಮೂಳೆ ವೈದ್ಯರಲ್ಲಿಗೆ ಕರೆದೊಯ್ಯುತ್ತಿರುತ್ತಾರೆ.

ಈ ರೋಗಿಗಳು ಬಾಗಿಲ ಬಳಿ ಬಂದಾಗ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುವುದುಂಟು. ಆಗ ಎದುರಿಗೆ ನೆಲದ ಮೇಲೆ ಒಂದು ಗೆರೆ ಎಳೆದು ದಾಟಲು ಹೇಳಿದರೆ ಹಲವರು ಸಲೀಸಾಗಿ ದಾಟುತ್ತಾರೆ. ತಾನಾಗಿ ನಡೆಯಬೇಕಾದ ಕೆಲಸ ಕೆಟ್ಟಿದೆ, ಕಣ್ಣಿಂದ ನೋಡಿ ಉದ್ದೇಶಪೂರ್ವಕವಾಗಿ ಮಾಡುವ ದಾರಿ ಉಳಿದಿದೆ ಎಂದು ಇದರಿಂದ ತಿಳಿಯುತ್ತದೆ.

ಸವರಿಕೊಂಡು ನಡೆಯುವವರೆಲ್ಲರದೂ ಪಾರ್ಕಿನ್ಸನ್ ಕಾಯಿಲೆಯಲ್ಲ. ಪಾದಗಳ ನಡುವೆ ಅಂತರ ಹೆಚ್ಚಾಗಿದ್ದು, ಕೈಗಳು ಚೆನ್ನಾಗಿ ಬೀಸುತ್ತಿದ್ದು, ಕಾಲು ಮಾತ್ರ ಏಳದಿದ್ದರೆ ಮಿದುಳಿನೊಳಗಿನ ನೀರಿನ ಕುಹರಗಳು ಹಿಗ್ಗಿವೆಯೇ ಎಂದು ನೋಡಬೇಕಾಗುತ್ತದೆ. ಜೊತೆಗೆ ಮರೆವು, ಮೂತ್ರ ತಡೆದುಕೊಳ್ಳಲಾಗದಿರುವುದು ಸೇರಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಬೆನ್ನಿನಿಂದ ಸುಮಾರು 30ರಿಂದ 50 ಮಿಲಿಲೀಟರ್ ನೀರು ತೆಗೆದು, ಮೊದಲೂ ಆಮೇಲೂ ಅದೇ ದೂರವನ್ನು ನಡೆಸಿ ಅಳೆಯುತ್ತಾರೆ. ನಡಿಗೆ ಸುಧಾರಿಸಿದರೆ, ನೀರನ್ನು ಹೊಟ್ಟೆಗೆ ಹರಿಸುವ ಕೊಳವೆ ಅಳವಡಿಸಿ ಉಪಕಾರವಾಗುವ ಸಾಧ್ಯತೆ ಹೆಚ್ಚು.

ಎತ್ತೆತ್ತಿ ಹಾಕುವ ನಡಿಗೆಯಲ್ಲಿ ಕಥೆ ಬೇರೆ. ಇಲ್ಲಿ ಮುಂಗಾಲು ಜೋತುಬಿದ್ದಿರುತ್ತದೆ. ಬೆರಳು ನೆಲಕ್ಕೆ ತಾಗಿ ಮುಗ್ಗರಿಸದಿರಲು ರೋಗಿ ಮೊಣಕಾಲನ್ನು ಅತಿಯಾಗಿ ಮೇಲೆತ್ತುತ್ತಾರೆ. ಕೆಳಗಿಡುವಾಗ ಹಿಮ್ಮಡಿಗಿಂತ ಮೊದಲು ಬೆರಳೇ ನೆಲಕ್ಕೆ ಬಡಿದು ಪಟ್ಟೆಂದು ಸದ್ದಾಗುತ್ತದೆ.

ಹೊಲದಲ್ಲಿ ಕೆಲವು ದಿನ ಕುಕ್ಕರಗಾಲಿನಲ್ಲಿ ಕೂತು ಕಳೆ ಕಿತ್ತ ಹೆಂಗಸೊಬ್ಬರಿಗೆ ಒಂದು ಬೆಳಿಗ್ಗೆ ಬಲಗಾಲಿನ ಚಪ್ಪಲಿ ನಿಲ್ಲುತ್ತಿಲ್ಲ ಎಂದುಕೊಳ್ಳೋಣ. ವೈದ್ಯರು ಕೇಳುವ ಮೊದಲ ಪ್ರಶ್ನೆ: ಚಪ್ಪಲಿ ಜಾರುವುದು ಗೊತ್ತಾಗುತ್ತದೆಯೋ ಇಲ್ಲವೋ? ಗೊತ್ತಾಗುತ್ತದೆ, ಹಿಡಿದುಕೊಳ್ಳಲು ಆಗುವುದಿಲ್ಲ ಎಂದರೆ ಸ್ನಾಯು ಸೋತಿದೆ. ಗೊತ್ತೇ ಆಗುವುದಿಲ್ಲ ಎಂದರೆ ಕೆಟ್ಟಿರುವುದು ಸ್ಪರ್ಶದ ಹಾದಿ. ಈ ಹೆಂಗಸಿಗೆ ಗೊತ್ತಾಗುತ್ತದೆ. ಪಾದವನ್ನು ಮೇಲಕ್ಕೆತ್ತಲು ಆಗದು, ಹೊರಕ್ಕೆ ತಿರುಗಿಸಲೂ ಆಗದು. ಇನ್ನು ತೀರ್ಮಾನವಾಗಬೇಕಾದದ್ದು, ನರ ಮೊಣಕಾಲಿನ ಬಳಿ ಒತ್ತಿಹೋಗಿದೆಯೋ, ಸೊಂಟದ ಡಿಸ್ಕ್ ಜಾರಿ ಐದನೆಯ ನರದ ಬೇರು ಸಿಕ್ಕಿಕೊಂಡಿದೆಯೋ ಎಂಬುದು. ಎರಡರಲ್ಲೂ ಪಾದ ಒಂದೇ ರೀತಿ ಜೋತುಬೀಳುತ್ತದೆ.

ಬಿಡಿಸುವ ಉಪಾಯ ಸರಳ. ಜೋತುಬಿದ್ದ ಪಾದವನ್ನು ವೈದ್ಯರು ತಮ್ಮ ಕೈಯಿಂದ ನೇರಕ್ಕೆ ಎತ್ತಿಹಿಡಿದು, ಅಂಗಾಲನ್ನು ಒಳಮುಖವಾಗಿ ತಿರುಗಿಸಲು ಹೇಳುತ್ತಾರೆ. ಹೀಗೆ ಎತ್ತಿಹಿಡಿಯದಿದ್ದರೆ ಗಟ್ಟಿಯಿರುವ ಸ್ನಾಯುವೂ ಸೋತಂತೆ ಕಂಡು ಮೋಸ ಹೋಗಬಹುದು. ಒಳಕ್ಕೆ ತಿರುಗಿಸುವ ಸ್ನಾಯುವಿಗೆ ಆಜ್ಞೆ ಹೊರಡುವುದು ಅದೇ ಐದನೆಯ ಬೇರಿನಿಂದ, ಆದರೆ ಅದು ಬರುವುದು ಬೇರೆ ನರದಲ್ಲಿ. ಹಾಗಾಗಿ ಬೇರು ಸಿಕ್ಕಿಕೊಂಡಿದ್ದರೆ ಈ ಚಲನೆಯೂ ಸೋಲುತ್ತದೆ, ಮಗ್ಗುಲಿಗೆ ಮಲಗಿ ಕಾಲನ್ನು ಮೇಲೆತ್ತುವುದೂ ಕಷ್ಟವಾಗುತ್ತದೆ. ಈ ಹೆಂಗಸಿನಲ್ಲಿ ಎರಡೂ ಗಟ್ಟಿಯಾಗಿವೆ, ಸೊಂಟನೋವೂ ಇಲ್ಲ. ಪೆಟ್ಟು ಇರುವುದು ಮೊಣಕಾಲಿನ ಹೊರಬದಿಯಲ್ಲಿ, ಚರ್ಮದ ಕೆಳಗೇ ಮೂಳೆಯನ್ನು ಸುತ್ತಿ ಬರುವ ನರಕ್ಕೆ. ದೀರ್ಘಕಾಲ ಕುಕ್ಕರಿಸಿ ಕೂತದ್ದರಿಂದ ಅದು ನಲುಗಿದೆ. ಹಾಗೆ ಕೂರುವುದನ್ನು ಬಿಟ್ಟು, ಪಾದಕ್ಕೆ ಆಸರೆಪಟ್ಟಿ ಕಟ್ಟಿಕೊಂಡರೆ ಇಂಥ ಪೆಟ್ಟು ಸಾಮಾನ್ಯವಾಗಿ ವಾರಗಳಲ್ಲಿ, ಇಲ್ಲವೇ ಕೆಲವು ತಿಂಗಳಲ್ಲಿ ವಾಸಿಯಾಗುತ್ತದೆ. ಆದರೆ ಅದೇ ಜಾಗದಲ್ಲಿ ನರ ಹುರಿಯಂತೆ ದಪ್ಪಗೆ ಬೆರಳಿಗೆ ಸಿಕ್ಕಿದರೆ, ಮೈಮೇಲೆ ಜೋಮು ಹಿಡಿದ ಮಚ್ಚೆ ಕಂಡರೆ, ನಮ್ಮ ದೇಶದಲ್ಲಿ ಕುಷ್ಠರೋಗವನ್ನು ನೆನೆಯಲೇಬೇಕು. ಅದಕ್ಕೆ ಚಿಕಿತ್ಸೆ ತಡವಾದರೆ ಪಾದ ಜೋತುಬಿದ್ದೇ ಉಳಿಯಬಹುದು.

ಚಪ್ಪಲಿ ಜಾರಿದ್ದೇ ಗೊತ್ತಾಗಲಿಲ್ಲ ಎನ್ನುವವರೂ ಕಾಲನ್ನು ಎತ್ತಿ ಇಡುತ್ತಾರೆ, ಆದರೆ ಇಡುವಾಗ ಹಿಮ್ಮಡಿ ಕುಟ್ಟುತ್ತಾರೆ. ನೆಲ ಎಲ್ಲಿದೆ ಎಂಬ ಸುದ್ದಿ ಮಿದುಳಿಗೆ ಹೋಗುತ್ತಿಲ್ಲವಾದ್ದರಿಂದ ಕಣ್ಣು ಸದಾ ನೆಲದ ಮೇಲೇ ಇರುತ್ತದೆ. ಮುಖ ತೊಳೆಯಲು ಕಣ್ಣು ಮುಚ್ಚಿದ ಕ್ಷಣ ತೂರಾಡುತ್ತಾರೆ. ಬೆನ್ನುಹುರಿಯ ಹಿಂಭಾಗದ ಕಂಬಗಳು ಕೆಟ್ಟಾಗ ಹೀಗಾಗುತ್ತದೆ. ಬಿ-12 ಜೀವಸತ್ವದ ಕೊರತೆ ಇದಕ್ಕೆ ಒಂದು ಕಾರಣ, ಅದೂ ಚುಚ್ಚುಮದ್ದಿನಿಂದ ತಡೆಯಬಹುದಾದದ್ದು.

ಕತ್ತರಿ ನಡಿಗೆಯಲ್ಲಿ ಎರಡೂ ಕಾಲು ಮರದ ಕೊರಡಿನಂತೆ ಬಿಗಿದಿರುತ್ತವೆ. ತೊಡೆಯ ಒಳಬದಿಯ ಸ್ನಾಯುಗಳು ಸೆಳೆದು ಹಿಡಿಯುವುದರಿಂದ ಮೊಣಕಾಲುಗಳು ಒಂದಕ್ಕೊಂದು ಉಜ್ಜುತ್ತವೆ, ಪ್ರತಿ ಹೆಜ್ಜೆಯೂ ಇನ್ನೊಂದು ಕಾಲಿನ ಮುಂದೆ ಅಡ್ಡ ಬೀಳುತ್ತದೆ. ಚಪ್ಪಲಿಯ ಮುಂದಿನ ತುದಿ ಸವೆದಿರುತ್ತದೆ. ಮಿದುಳಿನಿಂದ ಇಳಿಯುವ ಆಜ್ಞೆಯ ಹಾದಿ ಎರಡೂ ಬದಿಗೆ ತುಂಡಾದಾಗ, ಬೆನ್ನುಹುರಿಯ ಮೇಲಿನ ಹಿಡಿತ ತಪ್ಪಿ ಸ್ನಾಯು ಬಿಗಿಯುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಈ ಪೆಟ್ಟು ಮಿದುಳಿನ ಕುಹರಗಳ ಅಂಚಿನಲ್ಲಿ ಬೀಳುತ್ತದೆ. ಕಾಲಿಗೆ ಹೋಗುವ ಎಳೆಗಳು ಆ ಅಂಚಿಗೆ ಅತಿ ಸಮೀಪ ಹಾಯುತ್ತವೆ. ಆದ್ದರಿಂದಲೇ ಇಂಥ ಮಗುವಿನ ಕೈಗಿಂತ ಕಾಲು ಹೆಚ್ಚು ಬಿಗಿದಿರುತ್ತದೆ.

ದೊಡ್ಡವರಲ್ಲಿ ತಪ್ಪಿತಸ್ಥ ಜಾಗ ಬಹುಪಾಲು ಬೆನ್ನುಹುರಿಯೇ. ಕಾಲು ಸೋತಿದೆ ಎಂದೊಡನೆ ಸೊಂಟದ ಎಂಆರ್‌ಐ ಮಾಡಿಸಿ, ಏನೂ ಇಲ್ಲವೆಂದು ಮನೆಗೆ ಕಳಿಸುವ ತಪ್ಪು ಆಗಾಗ ನಡೆಯುತ್ತದೆ. ಬೆನ್ನುಹುರಿ ಸೊಂಟದ ಮೊದಲ ಮೂಳೆಯ ಆಸುಪಾಸಿನಲ್ಲೇ ಮುಗಿಯುತ್ತದೆ. ಕಾಲು ಬಿಗಿದಿದ್ದರೆ ಪೆಟ್ಟು ಅದಕ್ಕಿಂತ ಮೇಲೆ, ಬೆನ್ನಿನಲ್ಲೋ ಕುತ್ತಿಗೆಯಲ್ಲೋ ಇರಬೇಕು. ಕುತ್ತಿಗೆಯ ಸವೆದ ಮೂಳೆ, ಬೆನ್ನುಮೂಳೆಯ ಕ್ಷಯ, ಗಡ್ಡೆ ಇವು ಹುರಿಯನ್ನು ಒತ್ತುತ್ತವೆ, ಬೇಗ ಕಂಡುಕೊಂಡರೆ ಒತ್ತಡ ತೆಗೆಯಬಹುದು. ಕರ್ನಾಟಕದ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಮೂಳೆ ದಪ್ಪವಾಗಿ ಹುರಿಯ ನಾಳ ಕಿರಿದಾಗುವುದುಂಟು. ಮಧ್ಯ ಭಾರತದಲ್ಲಿ ಕೇಸರಿ ಬೇಳೆಯನ್ನೇ ಮುಖ್ಯ ಆಹಾರವಾಗಿ ತಿಂಗಳುಗಟ್ಟಲೆ ತಿಂದ ಬಡವರು ಅದರೊಳಗಿನ ವಿಷದಿಂದ ಇದೇ ಕತ್ತರಿ ನಡಿಗೆಗೆ ಬಿದ್ದರು. ಅಲ್ಲಿ ವೈದ್ಯರು ರೋಗದ ಹಂತವನ್ನು ಕೋಲಿನಿಂದಲೇ ಅಳೆದರು: ಕೋಲಿಲ್ಲದೆ ನಡೆಯುವವರು, ಒಂದು ಕೋಲು ಬೇಕಾದವರು, ಎರಡು ಕೋಲು ಬೇಕಾದವರು, ತೆವಳುವವರು. ಬೇಳೆ ಬಿಟ್ಟರೆ ರೋಗ ಸಾಮಾನ್ಯವಾಗಿ ಮುಂದುವರಿಯುವುದಿಲ್ಲ, ಆದರೆ ಬಿಗಿದ ಕಾಲು ಬಹುತೇಕ ಹಾಗೆಯೇ ಉಳಿಯುತ್ತದೆ.