ಜೋಕಾಲಿಯ ಗಂಟು ಬಿಚ್ಚಿದವರು ಯಾರು?

ಫೋಟೊದಲ್ಲಿರುವುದು ಇಷ್ಟೇ: ಹಳ್ಳಿಮನೆಯ ಅಂಗಳ, ಒಂದು ಬೇವಿನ ಮರ, ಕೊಂಬೆಯಿಂದ ಇಳಿಬಿದ್ದ ಹಳೆಯ ಜೋಕಾಲಿ. ಮಣೆ ಖಾಲಿ. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿಗೆ ಕಟ್ಟಿದ ಜೋಕಾಲಿ ಕೆಲವು ಮನೆಗಳಲ್ಲಿ ಹಬ್ಬ ಮುಗಿದರೂ ಹಾಗೇ ಉಳಿದುಬಿಡುತ್ತದೆ. ಇದೂ ಅಂಥದ್ದೇ. ಇದನ್ನಿಟ್ಟುಕೊಂಡು ಆರೇಳು ವರ್ಷದ ಮಕ್ಕಳಿಗೆ ಒಂದು ಕಥೆ ಬರೆಯಲು ಕೂತೆ.

ಮೊದಲ ಸಲ ಬರೆದದ್ದರಲ್ಲಿ ಜೋಕಾಲಿಯೇ ಮಾತಾಡುತ್ತಿತ್ತು. ಪಟ್ಟಣ ಸೇರಿದ ಮಕ್ಕಳನ್ನು ನೆನೆದು ಅಳುತ್ತಿತ್ತು. ಪಕ್ಕದ ಮನೆಯ ಹುಡುಗಿಗೆ ಓದಿ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, ಫೋಟೊ ಎಳೆದುಕೊಂಡು, "ಖಾಲಿ ಐತಲ್ಲ, ನಾ ಕೂಡ್ಲೇನು?" ಅಂದಳು. ನನ್ನ ತಪ್ಪು ತಿಳಿಯಿತು. ಖಾಲಿ ಮಣೆ ಕಂಡರೆ ದೊಡ್ಡವರಿಗೆ ಎದ್ದುಹೋದವರ ನೆನಪಾಗುತ್ತದೆ, ಮಕ್ಕಳಿಗೆ ತಮ್ಮ ಪಾಳಿ ಬಂತು ಅನ್ನಿಸುತ್ತದೆ. ನಾನು ಬರೆದಿದ್ದು ನನ್ನ ಕಥೆ, ಅವಳದಲ್ಲ.

ಅಮೆರಿಕದ ಕ್ರಿಸ್ ವ್ಯಾನ್ ಆಲ್ಸ್‌ಬರ್ಗ್ 1984ರಲ್ಲಿ ಮಕ್ಕಳಿಗಾಗಿ ಒಂದು ಪುಸ್ತಕ ಮಾಡಿದರು. ಅದರಲ್ಲಿ 14 ಚಿತ್ರಗಳು, ಪ್ರತಿ ಚಿತ್ರಕ್ಕೂ ಒಂದು ಹೆಸರು, ಒಂದೇ ಒಂದು ಸಾಲು. ಕಥೆ ಮಾತ್ರ ಇಲ್ಲ. ಪ್ರತಿ ಚಿತ್ರದಲ್ಲೂ ಏನೋ ಒಂದು ಇರಬೇಕಾದ ಹಾಗೆ ಇರುವುದಿಲ್ಲ, ಓದುವ ಮಗು ಅಲ್ಲಿಂದಲೇ ಕಥೆ ಶುರುಮಾಡುತ್ತದೆ. ನನ್ನ ಫೋಟೊದಲ್ಲಿ ಅಂಥದ್ದು ಏನಿದೆ ಅಂತ ಮತ್ತೆ ನೋಡಿದೆ. ಈ ಸಲ ಮರ, ಆಕಾಶ, ಹಂಚು ಎಲ್ಲವನ್ನೂ ಬಿಟ್ಟು ಹಗ್ಗದ ಮೇಲಷ್ಟೇ ಕಣ್ಣಿಟ್ಟೆ.

ಎರಡೂ ಹಗ್ಗಗಳಲ್ಲಿ ಒಂದೊಂದು ಗಂಟಿತ್ತು. ಅದರ ಮೇಲೆ ಎರಡೆರಡು ಕಡೆ ಹಗ್ಗ ಸೊಟ್ಟಗಿತ್ತು, ಅಲ್ಲಿ ಬಣ್ಣವೂ ತಿಳಿ. ಹಗ್ಗ ಬಿಸಿಲುಮಳೆಗೆ ಕಪ್ಪಿಡುವಾಗ ಗಂಟಿನ ಒಳಗಿನ ಭಾಗ ಅಷ್ಟು ಕಪ್ಪಾಗುವುದಿಲ್ಲ. ಅಂದರೆ ಅಲ್ಲಿ ಬಹಳ ಕಾಲ ಗಂಟಿತ್ತು, ಈಚೆಗೆ ಯಾರೋ ಬಿಚ್ಚಿದ್ದಾರೆ. ಯಾರು? ಯಾಕೆ?

ಜೋಕಾಲಿಯ ಹಗ್ಗಕ್ಕೆ ಗಂಟು ಹಾಕುವುದು ಮಣೆ ಎತ್ತರಿಸಲು. ದಪ್ಪ ಹಗ್ಗವಾದರೆ ಒಂದು ಗಂಟಿಗೆ ಹೆಚ್ಚುಕಡಿಮೆ ಒಂದು ಗೇಣು ಹೋಗುತ್ತದೆ. ಕೂರುವ ಹುಡುಗಿ ಬೆಳೆದಳು, ಕಾಲು ನೆಲಕ್ಕೆ ತಾಗತೊಡಗಿತು, ಮನೆಯವರು ಒಂದು ಗಂಟು ಹಾಕಿದರು. ಇನ್ನಷ್ಟು ಬೆಳೆದಳು, ಇನ್ನೊಂದು. ಇಲ್ಲಿಗೆ ನನಗೆ ಕಥೆಯ ಹುಡುಗಿ ಸಿಕ್ಕಳು.

ಏಳು ವರ್ಷದ ಚೆನ್ನಿ ಪಂಚಮಿಗೆ ಅವ್ವನ ತವರಿಗೆ ಬರುತ್ತಾಳೆ. ಜೋಕಾಲಿಯ ಮಣೆ ಅವಳ ಎದೆಮಟ್ಟ. ಹತ್ತಲು ಹೋಗಿ ಎರಡು ಸಲ ಜಾರುತ್ತಾಳೆ. ಹಗ್ಗದಲ್ಲಿ ಮೂರು ಗಂಟು ಕಾಣುತ್ತವೆ. ಸ್ಟೂಲು ತಂದು ಹತ್ತಿ ಒಂದನ್ನು ಹಿಡಿದು ಜಗ್ಗುತ್ತಾಳೆ, ಅದು ಇನ್ನೂ ಬಿಗಿಯುತ್ತದೆ. ನೀರು ಹಾಕಿದರೆ ಸಡಿಲಾದೀತೆಂದು ತಂಬಿಗೆ ತಂದು ಸುರಿಯುತ್ತಾಳೆ. ನಾರಿನ ಹಗ್ಗ ನೀರು ಕುಡಿದು ಉಬ್ಬಿ ಗಂಟು ಕಲ್ಲಿನಂತಾಗುತ್ತದೆ. ಒಳಗಿಂದ ಆಯಿ ಬಂದು ನೋಡುತ್ತಾಳೆ.

"ಎಳದಷ್ಟೂ ಬಿಗೀತದವ್ವಾ ಅದು. ಒಣಗಲಿ ತಡಿ."

ಶ್ರಾವಣದ ಬಿಸಿಲು ಬೇಗ ಬರುವುದಿಲ್ಲ. ಎರಡು ದಿನ ಕಾಯಬೇಕು. ಕಾಯುವ ಹೊತ್ತಲ್ಲಿ ಅವ್ವ ಬಂದು ಒಂದೊಂದೇ ಗಂಟು ಮುಟ್ಟಿ ಹೇಳುತ್ತಾಳೆ: ಇದು ನಾನು ಸಾಲಿಗೆ ಸೇರಿದ ವರ್ಷದ್ದು, ಇದು ನಾಕನೇತ್ತ ಇದ್ದಾಗಿನದು, ಇದು ಲಂಗದಾವಣಿ ಉಟ್ಟ ವರ್ಷ ಅಪ್ಪ ಹಾಕಿದ್ದು. ನೆನಪಿಗೆ ನಾನು ಕೊಟ್ಟ ಜಾಗ ಇಷ್ಟೇ, ಮೂರು ಗಂಟಿಗೆ ಮೂರು ಮಾತು. ಹೆಚ್ಚಾದರೆ ಮಗು ಜೋಕಾಲಿ ಬಿಟ್ಟು ಅತ್ತಿತ್ತ ನೋಡುತ್ತದೆ.

ಮೂರನೆಯ ದಿನ ಆಯಿ ಒಂದು ಚೂಪು ಗೂಟ ಕೊಡುತ್ತಾಳೆ. ಜಗ್ಗುವುದನ್ನು ಬಿಟ್ಟು, ಗೂಟ ತೂರಿಸಿ, ಹಗ್ಗವನ್ನು ಗಂಟಿನ ಒಳಕ್ಕೇ ದೂಡಬೇಕು. ಸಡಿಲಾದ ಮೇಲೆ ಬೆರಳೇ ಸಾಕು. ಮೇಲಿನ ಎರಡು ಗಂಟು, ಎರಡು ಕಡೆಗೂ ಸೇರಿ ನಾಲ್ಕು, ಚೆನ್ನಿಯೇ ಬಿಚ್ಚುತ್ತಾಳೆ. ಮಣೆ ಎರಡು ಗೇಣು ಕೆಳಗೆ ಬರುತ್ತದೆ. ಹಳೇ ಹಗ್ಗ ಹೆಚ್ಚಾಗಿ ಸವೆಯುವುದು ಕೊಂಬೆಗೆ ಉಜ್ಜುವಲ್ಲಿ. ಅದಕ್ಕೆ ಆಯಿ ಅಲ್ಲಿ ನೋಡಿ, ಭಾರ ಬಿಟ್ಟು ಜಗ್ಗಿ, ಆಮೇಲೆ "ಹ್ಞೂಂ" ಅನ್ನುತ್ತಾಳೆ.

ಚೆನ್ನಿ ಜೀಕುವಲ್ಲಿಗೇ ಮುಗಿಸಿದ್ದೆ. ಓದಿದಾಗ ಹುಡುಗಿ ಫೋಟೊದ ಮೇಲೆ ಬೆರಳಿಟ್ಟು, "ಇನ್ನೊಂದ್ ಗಂಟು ಯಾಕ ಬಿಟ್ಟಾಳ?" ಅಂದಳು. ನಾನು ಅದನ್ನು ಮರೆತೇಬಿಟ್ಟಿದ್ದೆ. ಮನೆಗೆ ಬಂದು ಕೊನೆಗೆ ಎರಡು ಸಾಲು ಸೇರಿಸಿದೆ:

ಕೆಳಗಿನ ಗಂಟನ್ನು ಚೆನ್ನಿ ಮುಟ್ಟಲಿಲ್ಲ. ಒಳಗೆ ತೊಟ್ಟಿಲಲ್ಲಿ ತಮ್ಮ ಮಲಗಿದ್ದ.