ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಏಕಿಲ್ಲ?

ಭಾರತದಲ್ಲಿ ಕೃಷಿ ಆದಾಯದ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ಸಂವಿಧಾನದ ಏಳನೆಯ ಅನುಸೂಚಿಯು ರಾಜ್ಯಗಳಿಗೆ ವಹಿಸಿದೆ. ಕೇಂದ್ರಕ್ಕೆ ಅದು ಇಲ್ಲ. ನೀಲಗಿರಿ, ವಯನಾಡುಗಳ ಚಹಾ ಇದಕ್ಕೆ ನಿದರ್ಶನ. ಬೆಳೆಗಾರನು ಹಸಿರೆಲೆಯನ್ನೇ ಮಾರಿದರೆ ಬಂದ ಲಾಭವೆಲ್ಲ ಕೃಷಿ ಆದಾಯ. ತಾನು ಬೆಳೆದ ಎಲೆಯನ್ನು ತಾನೇ ಚಹಾಪುಡಿ ಮಾಡಿ ಮಾರಿ 10 ಲಕ್ಷ ರೂಪಾಯಿ ಲಾಭ ಪಡೆದರೆ, ಶೇಕಡಾ 40ರಂತೆ 4 ಲಕ್ಷವು ಕೇಂದ್ರದ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ. ಉಳಿದ 6 ಲಕ್ಷ ಕೃಷಿ ಆದಾಯ.

ಸಿರಿವಂತ ಜಮೀನುದಾರರಿಗೂ ಈ ವಿನಾಯಿತಿ ಸಲ್ಲಬೇಕೆ ಎಂಬುದು ಹಳೆಯ ವಾದ. ಮಳೆಯನ್ನು ನಂಬಿದ, ಲೆಕ್ಕಪತ್ರವಿಲ್ಲದ ಸಣ್ಣ ಹಿಡುವಳಿಗಳಿಂದ ತೆರಿಗೆ ವಸೂಲು ಮಾಡುವುದೆಂತು ಎಂಬುದು ಪ್ರತಿವಾದ. ಕೆ. ಎನ್. ರಾಜ್ ಸಮಿತಿಯ ವರದಿಯ ಬಳಿಕ, 1973ರಲ್ಲಿ ಒಂದು ನಡುದಾರಿ ಬಂದಿತು: ಬೇರೆ ಆದಾಯವೂ ಉಳ್ಳವರಿಗೆ ತೆರಿಗೆಯ ದರವನ್ನು ಗೊತ್ತುಪಡಿಸುವಾಗ ಮಾತ್ರ ಕೃಷಿ ಆದಾಯವನ್ನು ಕೂಡಿಸಿಕೊಳ್ಳಲಾಗುತ್ತದೆ.